“ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ” ಅನ್ನೋದು ಎಲ್ಲರಿಗೂ ಗೊತ್ತಿರೋದಲ್ವಾ? ಇದಕ್ಕೂ ಮೂಲ ಕೊಡಬೇಕಾ?

ಮೊದಲ_ಸೆಮ್_ಬಿಎ
ಎಲ್ಲರಿಗೂ ನಮಸ್ಕಾರ. ಇತಿಹಾಸದ ಅಸೈನ್‌ಮೆಂಟ್‌ನಲ್ಲಿ ಶಿವನಸಮುದ್ರದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಮೇಡಂ ನಾಲ್ಕು ವಾಕ್ಯಗಳ ಪಕ್ಕ ಕೆಂಪು ಇಂಕಿನಲ್ಲಿ “ಮೂಲ?” ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಕ್ಲಾಸಲ್ಲಿ ಅವರೇ “ಎಲ್ಲರಿಗೂ ಗೊತ್ತಿರುವ ಸಂಗತಿಗೆ ಆಕರ ಬೇಕಿಲ್ಲ” ಅಂದಿದ್ರು. ಪ್ಯಾರಾ ಇದು, ನಂಬರ್ ನಾನು ಈಗ ಹಾಕಿದ್ದು:

1. ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟುತ್ತದೆ.
2. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು.
3. ಇದು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ.
4. ಇಲ್ಲಿಂದ 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಗುತ್ತಿತ್ತು.
5. ಗಣಿಗಳ ಇಂಧನದ ಖರ್ಚು ತಗ್ಗಿಸುವುದೇ ಯೋಜನೆಯ ಮುಖ್ಯ ಉದ್ದೇಶವಾಗಿತ್ತು.
6. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬೀದಿದೀಪ ಬಂತು.
7. ಹೀಗೆ ಮೈಸೂರು ದೇಶದ ಅತ್ಯಂತ ಮುಂದುವರಿದ ಸಂಸ್ಥಾನವಾಯಿತು.

ಕೆಂಪು ಗುರುತು ಬಿದ್ದಿರೋದು 3, 4, 5, 7ಕ್ಕೆ. 2ನೇದೂ ಮಾಹಿತಿ, 4ನೇದೂ ಮಾಹಿತಿ. ಒಂದಕ್ಕೆ ಬೇಡ, ಇನ್ನೊಂದಕ್ಕೆ ಬೇಕು ಅಂದ್ರೆ ಯಾವ ಲೆಕ್ಕ? 3ನೇದಂತೂ ಸ್ಕೂಲ್ ಮಕ್ಕಳಿಗೂ ಗೊತ್ತು.

ಸಂಜೆ_ಬಸ್ಸು
ಸಿಂಪಲ್ ರೂಲ್ ಇದೆ. ಐದು ಬೇರೆ ಬೇರೆ ಕಡೆ ಆಕರ ಕೊಡದೇ ಅದೇ ಮಾತು ಬರೆದಿದ್ರೆ ಅದು ಕಾಮನ್ ನಾಲೆಡ್ಜ್. ಅಮೆರಿಕದ ಬರವಣಿಗೆ ಕೈಪಿಡಿಗಳಲ್ಲೇ ಇದೆ. “ಏಷ್ಯಾದ ಮೊದಲ” ಅಂತ ಐದಲ್ಲ, ಐವತ್ತು ಸೈಟ್ ಸಿಗುತ್ತೆ. ನಿಮ್ಮ ಮೇಡಂ ತುಂಬಾ ಸ್ಟ್ರಿಕ್ಟ್ ಅಷ್ಟೇ.

ಗ್ರಂಥಪಾಲಕಿ
ಸಂಜೆ_ಬಸ್ಸು ಅವರೇ, ಆ ನಿಯಮದಲ್ಲಿ ಒಂದು ಪದ ಬಿಟ್ಟಿದ್ದೀರಿ. ಐದು *ನಂಬಲರ್ಹ* ಆಕರ ಅಂತ ಅದು. ಅವು ಒಂದನ್ನೊಂದು ನೋಡಿ ಬರೆದಿರಬಾರದು ಅನ್ನೋದೂ ಅದರೊಳಗೇ ಸೇರಿದೆ. ಐವತ್ತು ಸೈಟ್‌ಗಳಲ್ಲಿ ವಾಕ್ಯ ಒಂದೇ ತರಹ ಇದೆ, ಅಲ್ಪವಿರಾಮವೂ ಅದೇ ಜಾಗದಲ್ಲಿದೆ ಅಂದ್ರೆ ಅಲ್ಲಿರೋದು ಒಂದೇ ಆಕರ, ನಲವತ್ತೊಂಬತ್ತು ನಕಲು.

3ನೇ ವಾಕ್ಯ ಇದಕ್ಕೆ ಒಳ್ಳೇ ಉದಾಹರಣೆ, ಯಾಕಂದ್ರೆ ಅದು ತಪ್ಪು. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್ ಕೇಂದ್ರ 1897ರಲ್ಲೇ ಶುರುವಾಗಿತ್ತು. ಅಂದ್ರೆ ಶಿವನಸಮುದ್ರ ಭಾರತದಲ್ಲೂ ಮೊದಲನೆಯದಲ್ಲ. ಜಪಾನಿನ ಕ್ಯೋಟೋದಲ್ಲಿ ಬಿವಾ ಸರೋವರದ ಕಾಲುವೆ ನೀರಿನಿಂದ ನಡೆಯುವ ಕೆಅಗೆ ಕೇಂದ್ರ 1891ರಲ್ಲಿ ಕೆಲಸ ಆರಂಭಿಸಿತ್ತು. ನಿಮ್ಮ ಮೇಡಂ ಬಹುಶಃ ಇದು ಗೊತ್ತಿದ್ದೇ ಕೆಂಪು ಗುರುತು ಹಾಕಿರೋದು. ಮೂಲ ಹುಡುಕೋಕೆ ಹೊರಟ್ರೆ ತಪ್ಪು ನಿಮಗೇ ಸಿಗಲಿ ಅಂತ.

ಕೆಎಎಸ್_ತಯಾರಿ
ಕ್ಷಮಿಸಿ, ಒಪ್ಪಲ್ಲ. ಜಿಕೆ ಪುಸ್ತಕಗಳಲ್ಲಿ “ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು? ಉತ್ತರ: ಶಿವನಸಮುದ್ರ” ಅಂತಾನೇ ಇರೋದು. ಪರೀಕ್ಷೆಯಲ್ಲಿ ಸಿದ್ರಾಪೊಂಗ್ ಅಂತ ಬರೆದ್ರೆ ಮಾರ್ಕ್ಸ್ ಯಾರು ಕೊಡ್ತಾರೆ?

ಗ್ರಂಥಪಾಲಕಿ
ಪರೀಕ್ಷೆಯ ಕೀ ಉತ್ತರದ ವಿಷಯ ಬೇರೆ, ಅದು ಈ ಪ್ರಶ್ನೆಯಲ್ಲ. ಇತಿಹಾಸದ ಬರಹದಲ್ಲಿ “ಯಾವ ಆಧಾರದ ಮೇಲೆ ಹೇಳ್ತೀರಿ” ಅಂತ ಓದುಗ ಕೇಳಬಹುದು. ಆಗ ಜಿಕೆ ಪುಸ್ತಕ ತೋರಿಸಿದ್ರೆ, ಅದಕ್ಕೇ ಆಧಾರ ಎಲ್ಲಿ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ. ಮೊದಲ ವರ್ಷದವರು ಒಂದು ಅಭ್ಯಾಸ ಇಟ್ಟುಕೊಳ್ಳಿ: “ಮೊದಲ”, “ಏಕೈಕ”, “ಅತಿ ದೊಡ್ಡ”, “ಅತಿ ಹಳೆಯ” ಅನ್ನೋ ಪದ ಬರೆದ ಕೂಡಲೇ ನಿಲ್ಲಿ. “ಏಷ್ಯಾದ ಮೊದಲ” ಅಂದಾಗ ನೀವು ಶಿವನಸಮುದ್ರದ ಬಗ್ಗೆ ಮಾತ್ರ ಮಾತಾಡ್ತಿಲ್ಲ. ಇಡೀ ಏಷ್ಯಾದಲ್ಲಿ ಅದಕ್ಕಿಂತ ಮುಂಚೆ ಬೇರೊಂದಿಲ್ಲ ಅಂತಲೂ ಹೇಳ್ತಿದ್ದೀರಿ. ಅಷ್ಟನ್ನು ನೀವಂತೂ ಹುಡುಕಿ ನೋಡಿಲ್ಲ. ಯಾರು ನೋಡಿದ್ದಾರೋ ಅವರ ಹೆಸರು ಬೇಕು.

ಧಾರವಾಡ_ಪೇಡೆ
ಅಲ್ರೀ, ಇನ್ನೊಂದು ಕೇಳ್ರಿ. ಶಿವನಸಮುದ್ರ ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು ಅಂತ ಭಾಳ ಮಂದಿ ಬರೀತಾರ. ಇದೂ “ಎಲ್ಲಾರಿಗೂ ಗೊತ್ತಿರೋದು”. ಆದ್ರ ಅವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದಿದ್ದು 1909ಕ್ಕ, ದಿವಾನರಾಗಿದ್ದು 1912ಕ್ಕ. ಕೇಂದ್ರ ಚಾಲೂ ಆಗಿದ್ದು 1902ಕ್ಕ. ತಾರೀಖು ಬಾಜೂಕ ಬಾಜೂಕ ಇಟ್ಟು ನೋಡಿದ್ರ ಸಾಕು, ಕಥಿ ಬಿದ್ದು ಹೋಗ್ತದ. ಯೋಜನೆ ಶೇಷಾದ್ರಿ ಅಯ್ಯರ್ ದಿವಾನರಿದ್ದಾಗಿಂದು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಮಂದಿಗೆ ಗೊತ್ತಿರೋದು ಬ್ಯಾರೆ, ಖರೇ ಇರೋದು ಬ್ಯಾರೆ.

ಸಂಜೆ_ಬಸ್ಸು
ಸರಿ, 3 ತಪ್ಪು ಅಂತ ಒಪ್ಪಿದೆ. ಆದ್ರೆ 2ಕ್ಕೂ 4ಕ್ಕೂ ವ್ಯತ್ಯಾಸ ಏನು ಅಂತ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಗ್ರಂಥಪಾಲಕಿ
ಅದನ್ನೇ ಹೇಳ್ತೀನಿ. ಒಂದೊಂದು ವಾಕ್ಯಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ. ವಿಷಯ ಬಲ್ಲ ಒಬ್ಬ ಓದುಗ ಇದನ್ನು ತಕರಾರಿಲ್ಲದೆ ಒಪ್ಪುತ್ತಾನಾ? ಬೇರೆ ಬೇರೆ ನಂಬಲರ್ಹ ಪುಸ್ತಕ ತೆರೆದ್ರೆ ಎಲ್ಲದರಲ್ಲೂ ಅದೇ ಉತ್ತರ ಸಿಗುತ್ತಾ? ಎರಡಕ್ಕೂ “ಹೌದು” ಬಂದ್ರೆ ಆಕರ ಬೇಡ.

1ನೇ ವಾಕ್ಯ ಪಾಸ್. 2 ಪಾಸ್: ಆ ಕಾಲದ ಮೈಸೂರಿನ ಬಗ್ಗೆ ಬರೆದವರೆಲ್ಲ 1902 ಅಂತಲೇ ಬರೀತಾರೆ. 6 ಕೂಡ ಹಾಗೇ, ಬೆಂಗಳೂರಿನ ದೀಪ 1905ರ ಆಗಸ್ಟ್‌ನದು.

4ರಲ್ಲಿ ಎರಡು ಮಾತು ಒಂದರೊಳಗೊಂದು ಸೇರಿಕೊಂಡಿವೆ. ಕೋಲಾರದ ಗಣಿಗಳಿಗೆ ವಿದ್ಯುತ್ ಹೋಗ್ತಿತ್ತು ಅನ್ನೋದು ಸರ್ವವಿದಿತ. 147 ಅನ್ನೋ ಅಂಕಿ ಅಲ್ಲ. ಕೆಲವು ಕಡೆ 147 ಕಿ.ಮೀ. ಇದೆ, ಕೆಲವು ಕಡೆ 92 ಮೈಲಿ ಇದೆ. 92ನ್ನು 1.609ರಿಂದ ಗುಣಿಸಿ ನೋಡಿ, 148 ಬರುತ್ತೆ. ಒಂದು ಕಿಲೋಮೀಟರ್ ದೊಡ್ಡದಲ್ಲ ನಿಜ. ಆದ್ರೆ ಇದು ತಂತಿ ಓಡಿದ ದಾರಿಯ ಉದ್ದವೋ, ನಕ್ಷೆಯ ಮೇಲೆ ನೇರ ಅಳೆದ ದೂರವೋ ಅನ್ನೋದು ಅಂಕಿ ಕೊಟ್ಟವರಿಗೇ ಗೊತ್ತು. ಯಾರೋ ಅಳೆದದ್ದನ್ನು ನೀವು ಎರವಲು ತಂದಿದ್ದೀರಿ. ತಂದದ್ದು ಎಲ್ಲಿಂದ ಅಂತ ಹೇಳಬೇಕು.

5 ಇನ್ನೂ ಸೂಕ್ಷ್ಮ. ಗಣಿಗಳು ಗಿರಾಕಿಯಾಗಿದ್ದವು ಅನ್ನೋದು ಸಂಗತಿ. ಅದೇ *ಮುಖ್ಯ ಉದ್ದೇಶ* ಅನ್ನೋದು ವಿವರಣೆ. ಸಂಸ್ಥಾನಕ್ಕೆ ಆದಾಯ ಬೇಕಿತ್ತು ಅಂತ ಒಬ್ಬರು ವಾದಿಸಬಹುದು, ಕೈಗಾರಿಕೆ ಬೆಳೆಸೋ ಗುರಿ ಇತ್ತು ಅಂತ ಇನ್ನೊಬ್ಬರು. “ಯಾಕೆ” ಅನ್ನೋದಕ್ಕೆ ಉತ್ತರ ಹೇಳೋ ವಾಕ್ಯ ಯಾವತ್ತೂ ಯಾರದ್ದೋ ವಾದವಾಗಿರುತ್ತೆ.

ಕಡಲ_ತಡಿ
7ನೆಯದನ್ನು ಬಿಟ್ಟಿರಲ್ಲ ಮಾರಾಯ್ರೆ. ಅದಕ್ಕೆ ಮೂಲ ಹಾಕಿದರೂ ಸರಿ ಹೋಗುವುದಿಲ್ಲ. “ಅತ್ಯಂತ ಮುಂದುವರಿದ” ಅಂದರೆ ಯಾವುದರಲ್ಲಿ? ಶಾಲೆಗಳಲ್ಲಾ, ರೈಲಿನಲ್ಲಾ, ವಿದ್ಯುತ್ತಿನಲ್ಲಾ? ಬರೋಡಾ, ತಿರುವಾಂಕೂರಿನ ಜೊತೆ ಹೋಲಿಸಿದ್ದು ಯಾರು? “ಹೀಗೆ” ಎಂಬ ಪದ ಬೇರೆ ಇದೆ. ಒಂದು ವಿದ್ಯುತ್ ಕೇಂದ್ರದಿಂದಲೇ ಇಡೀ ಸಂಸ್ಥಾನ ಮುಂದುವರಿಯಿತು ಎಂದಾಯಿತು. ಒಂದೋ ಅಳತೆ ಹೇಳಿ ಅದಕ್ಕೆ ಆಕರ ಕೊಡಬೇಕು, ಇಲ್ಲವೋ ವಾಕ್ಯವನ್ನೇ ತೆಗೆಯಬೇಕು. ನನ್ನ ಮತ ತೆಗೆಯುವುದು.

ಲ್ಯಾಬ್_ಕೋಟು
ನಾನು ಬಿಎಸ್‌ಸಿ ಫಿಸಿಕ್ಸ್. ನಮಗೆ ಈ ತಲೆನೋವಿಲ್ಲ ಅನ್ಸುತ್ತೆ, ಎಲ್ಲಾ ಸೂತ್ರಗಳೇ. ಲ್ಯಾಬ್ ರೆಕಾರ್ಡ್‌ನಲ್ಲಿ ಓಮನ ನಿಯಮಕ್ಕೆ ಯಾರೂ ಆಕರ ಕೊಡಲ್ಲ. ತಾಮ್ರದ ತಂತಿಯ ರೆಸಿಸ್ಟಿವಿಟಿ ಅಳೆದಿದ್ದೀನಿ, “ಸ್ಟ್ಯಾಂಡರ್ಡ್ ವ್ಯಾಲ್ಯೂ”ಗೆ ಹೋಲಿಸಿ ಶೇಕಡಾ ದೋಷ ಬರೆದಿದ್ದೀನಿ. ಇಷ್ಟು ಸಾಕಲ್ವಾ?

ಓಮ್_ಮೀಟರ್
ಅರ್ಧ ಸರಿ. `V = IR`ಗೆ ಬೇಡ, ನೀವೇ ಅಳೆದ ಮೌಲ್ಯಕ್ಕೂ ಬೇಡ. ಅದಕ್ಕೆ ನೀವೇ ಮೂಲ. ಆದ್ರೆ ಸ್ಟ್ಯಾಂಡರ್ಡ್ ವ್ಯಾಲ್ಯೂಗೆ ಬೇಕೇ ಬೇಕು. ನಿಮಗೆ ಬಂದದ್ದು `1.75 × 10⁻⁸ Ω·m` ಅಂತಿಟ್ಟುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ತಾಮ್ರಕ್ಕೆ ಟೇಬಲ್‌ಗಳಲ್ಲಿ `1.68 × 10⁻⁸` ಇರುತ್ತೆ. ವಿದ್ಯುತ್ ತಂತಿಗೆ ಬಳಸೋ, ಕಾಯಿಸಿ ಮೆದು ಮಾಡಿದ ತಾಮ್ರದ ಮಾನಕ ಮೌಲ್ಯ `1.72 × 10⁻⁸`. ಮೊದಲನೆಯದಕ್ಕೆ ಹೋಲಿಸಿದ್ರೆ ದೋಷ 4.2%, ಎರಡನೆಯದಕ್ಕೆ 1.7%. ಒಂದೇ ಅಳತೆ, ಎರಡು ದೋಷ! ಯಾವ ಟೇಬಲ್, ಯಾವ ತಾಪಮಾನ ಅಂತ ಬರೀದಿದ್ರೆ ಮೌಲ್ಯಮಾಪಕರಿಗೆ ನಿಮ್ಮ ಶೇಕಡಾ ಲೆಕ್ಕಕ್ಕೆ ಅರ್ಥವೇ ಇರಲ್ಲ.

ಲ್ಯಾಬ್_ಕೋಟು
ಓ. ಎರಡು ಮೌಲ್ಯ ಇದೆ ಅಂತಲೇ ಗೊತ್ತಿರಲಿಲ್ಲ. ರೆಕಾರ್ಡ್‌ನಲ್ಲಿ ಸೇರಿಸ್ತೀನಿ. ನೀರು 100 ಡಿಗ್ರಿಗೆ ಕುದಿಯುತ್ತೆ ಅನ್ನೋದಕ್ಕೆ?

ಓಮ್_ಮೀಟರ್
“ಸಮುದ್ರಮಟ್ಟದ ವಾಯುಭಾರದಲ್ಲಿ” ಅಂತ ಸೇರಿಸಿದ್ರೆ ಬೇಡ. ಬೆಂಗಳೂರಿನ ಲ್ಯಾಬಲ್ಲಿ ಸುಮಾರು 97ಕ್ಕೇ ಕುದಿಯುತ್ತೆ, ಎತ್ತರ 900 ಮೀಟರ್ ಆಸುಪಾಸು ಇರೋದ್ರಿಂದ. ಷರತ್ತು ಬಿಟ್ಟು ಬರೆದ್ರೆ ಎಲ್ಲರಿಗೂ ಗೊತ್ತಿರೋದೂ ತಪ್ಪಾಗುತ್ತೆ.

ಹದಿನಾಲ್ಕು
ಎಲ್ಲಾ ಸುಮ್ನೆ ತಲೆ ಕೆಡಿಸಿಕೊಳ್ತಿದ್ದೀರಿ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲೇ ಕ್ಲಿಯರ್ ಆಗಿದೆ: ಸತತ 14 ಪದದವರೆಗೆ ಕಾಪಿ ಮಾಡಿದ್ರೆ ತಪ್ಪಲ್ಲ, ಒಟ್ಟು 10% ಹೋಲಿಕೆ ಇದ್ರೂ ಶಿಕ್ಷೆ ಇಲ್ಲ. ಈ ಪ್ಯಾರಾದಲ್ಲಿ ಯಾವ ವಾಕ್ಯವೂ 14 ಪದ ದಾಟಲ್ಲ. ಮುಗೀತಲ್ಲ.

ಗ್ರಂಥಪಾಲಕಿ
14 ಮತ್ತು 10% ಎರಡೂ ಆ ನಿಯಮದಲ್ಲಿವೆ, ನೀವು ಹೇಳಿದ ಅರ್ಥದಲ್ಲಿ ಮಾತ್ರ ಇಲ್ಲ. ಹೋಲಿಕೆ ಲೆಕ್ಕ ಹಾಕುವಾಗ ಸಾಮಾನ್ಯ ತಿಳಿವಳಿಕೆಯ ಮಾತು ಅಥವಾ ಆಕಸ್ಮಿಕವಾಗಿ ಹೊಂದಿಕೊಂಡ ಪದಗಳು ಸತತ 14ರವರೆಗೆ ಇದ್ರೆ ಬಿಟ್ಟುಬಿಡಿ ಅಂತ ಅದು ಹೇಳೋದು. “ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್” ಅಂತ ಇಬ್ಬರೂ ಬರೆದ್ರೆ ಅದು ನಕಲಲ್ಲ, ಅದನ್ನು ಬೇರೆ ತರಹ ಬರೆಯೋಕೂ ಆಗಲ್ಲ. ಆ ರಿಯಾಯಿತಿ ಇರೋದು ಅಂಥದಕ್ಕೆ. ಒಬ್ಬರ ವಾದವನ್ನು 13 ಪದದಲ್ಲಿ ಎತ್ತಿಕೊಂಡ್ರೆ ಅದು ಅವರ ವಾದವಾಗಿಯೇ ಉಳಿಯುತ್ತೆ.

ಇನ್ನೊಂದು ವಿಷಯ. ಆ ನಿಯಮದ ವ್ಯಾಖ್ಯೆಯಲ್ಲೇ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರಪತ್ರಿಕೆಗಳನ್ನು ಹೊರಗಿಟ್ಟಿದ್ದಾರೆ. ಅದು ಸ್ನಾತಕೋತ್ತರ, ಸಂಶೋಧನಾ ಮಟ್ಟದ ಬರಹಕ್ಕೆ ಮತ್ತು ಪ್ರಕಟಣೆಗೆ. ಮೊದಲ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗೆ ನಡೆಯೋದು ನಿಮ್ಮ ವಿಭಾಗ ಏನು ಹೇಳುತ್ತೋ ಅದು.

ಹದಿನಾಲ್ಕು
ಅಸೈನ್‌ಮೆಂಟ್ ಹೊರಗಿದೆ ಅನ್ನೋದು ಗೊತ್ತಿರಲಿಲ್ಲ. ಆದ್ರೂ ನಮ್ಮ ಕಾಲೇಜಲ್ಲಿ ಎಲ್ಲರೂ 10% ಅಂತಲೇ ಹೇಳ್ತಾರೆ.

ಧಾರವಾಡ_ಪೇಡೆ
ನಕಲು ಹಿಡಿಯೋ ಸಾಫ್ಟ್‌ವೇರ್ ಹೋಲಿಸೋದು ಅಕ್ಷರ ಅಷ್ಟ ರೀ. ಪದ ಬದಲಿಸಿ ಬರದ್ರ 0% ತೋರಸ್ತದ, ಆದ್ರ ವಿಚಾರ ಕದ್ದಿದ್ದು ಹಂಗ ಇರ್ತದ. ತಿರುಗಿ ನೋಡ್ರಿ: ಸಂಗತಿ ಎಲ್ಲಾರಿಗೂ ಗೊತ್ತಿದ್ರೂ, ಬ್ಯಾರೆಯವರು ಬರದ ವಾಕ್ಯ ಇದ್ದಂಗ ಎತ್ತಿಕೊಂಡ್ರ ಉದ್ಧರಣ ಚಿಹ್ನೆ ಬೇಕ. ಸಂಗತಿ ಊರಿಂದು, ವಾಕ್ಯ ಬರದವರದು.

ಮೊದಲ_ಸೆಮ್_ಬಿಎ
ತುಂಬಾ ಥ್ಯಾಂಕ್ಸ್. ಎರಡು ಡೌಟ್. ಒಂದು, ಪ್ಯಾರಾ ಕೊನೆಗೆ ಒಂದೇ ಆಕರ ಹಾಕಿದ್ರೆ ಸಾಕಾ? ಎರಡು, ಒಂದು ಬ್ಲಾಗ್‌ನಲ್ಲಿ “ಮೈಸೂರು ಆಡಳಿತ ವರದಿಯ ಪ್ರಕಾರ 92 ಮೈಲಿ” ಅಂತಿದೆ. ನಾನು ಆಡಳಿತ ವರದಿಯನ್ನೇ ಆಕರ ಅಂತ ಹಾಕಬಹುದಾ?

ಗ್ರಂಥಪಾಲಕಿ
ಮೊದಲನೆಯದಕ್ಕೆ: ಸಾಲದು. ಕೊನೆಯಲ್ಲಿ ಒಂದೇ ಹಾಕಿದ್ರೆ, ಕಾವೇರಿ ತಲಕಾವೇರಿಯಲ್ಲಿ ಹುಟ್ಟೋದೂ ಆ ಪುಸ್ತಕದಿಂದ ಬಂತಾ, ಅಂಕಿ ಮಾತ್ರ ಬಂತಾ ಅಂತ ಗೊತ್ತಾಗಲ್ಲ. ಅಂಕಿ ಇರೋ ವಾಕ್ಯದ ಪೂರ್ಣವಿರಾಮ ಆದ ಕೂಡಲೇ ಅಡಿಟಿಪ್ಪಣಿಯ ನಂಬರ್ ಹಾಕಿ. ಅಡಿಯಲ್ಲಿ ಲೇಖಕರು, ಪುಸ್ತಕ, ವರ್ಷ, ಪುಟ. ಪುಟಸಂಖ್ಯೆ ಬಿಡಬೇಡಿ. ಐನೂರು ಪುಟದ ಪುಸ್ತಕದ ಹೆಸರು ಮಾತ್ರ ಕೊಟ್ರೆ ಮೇಡಂ ಎಲ್ಲಿ ಅಂತ ಹುಡುಕ್ತಾರೆ?

ಎರಡನೆಯದಕ್ಕೆ: ನೀವು ಕಣ್ಣಾರೆ ನೋಡದ ವರದಿಯನ್ನು ನೋಡಿದ ಹಾಗೆ ಹಾಕಬಾರದು. ಬ್ಲಾಗಿನವರು ಪುಟ ತಪ್ಪು ಓದಿದ್ರೆ ಆ ತಪ್ಪು ನಿಮ್ಮ ತಲೆಗೆ ಬರುತ್ತೆ. ಎರಡು ದಾರಿ ಇವೆ. ವರದಿಯನ್ನೇ ಹುಡುಕಿ ಪುಟ ನೋಡಿ. ಸಂಸ್ಥಾನದ ಹಳೇ ಆಡಳಿತ ವರದಿಗಳು ವರ್ಷಕ್ಕೊಂದರಂತೆ ಅಚ್ಚಾಗಿವೆ, ಕೆಲವು ಸ್ಕ್ಯಾನ್ ಆಗಿ ಆನ್‌ಲೈನ್‌ನಲ್ಲೂ ಸಿಗುತ್ತವೆ. ಸಿಗಲಿಲ್ಲ ಅಂದ್ರೆ “ಆಡಳಿತ ವರದಿ, ಇಂಥ ಬರಹದಲ್ಲಿ ಉಲ್ಲೇಖಿಸಿದಂತೆ” ಅಂತ ನಿಜ ಬರೀರಿ. ವಿಕಿಪೀಡಿಯ ಆದ್ರೂ ಇದೇ ಕ್ರಮ: ವಾಕ್ಯದ ಪಕ್ಕದ ನಂಬರ್ ಒತ್ತಿ, ಆ ಆಕರ ತೆರೆದು, ಅಲ್ಲಿ ಆ ಮಾತು ನಿಜವಾಗ್ಲೂ ಇದೆಯಾ ನೋಡಿ, ಆಮೇಲೆ ಹಾಕಿ.

ಕಡಲ_ತಡಿ
ಗೆಜೆಟಿಯರ್ ಹಾಕುವವರು ವರ್ಷ ನೋಡಿಕೊಳ್ಳಿ. ರೈಸ್ ಅವರ ಮೈಸೂರು ಗೆಜೆಟಿಯರ್‌ನ ಪರಿಷ್ಕೃತ ಆವೃತ್ತಿ 1897ರದ್ದು. 1902ರಲ್ಲಿ ಶುರುವಾದ ಕೇಂದ್ರಕ್ಕೆ ಅದನ್ನು ಆಕರವಾಗಿ ಕೊಟ್ಟರೆ, ಪುಸ್ತಕ ತೆರೆದೇ ನೋಡಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಹಯವದನರಾವ್ ಅವರು ಸಂಪಾದಿಸಿದ ಗೆಜೆಟಿಯರ್ 1920ರ ದಶಕದ ಕೊನೆಯದು. ಅದರಲ್ಲಿ ಹುಡುಕಬಹುದು.

ಕೆಎಎಸ್_ತಯಾರಿ
ಹಾಗಿದ್ರೆ “ಭಾರತದ ಆರಂಭದ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದು” ಅಂತ ಬರೆದ್ರೆ ಆಕರ ಬೇಡ ತಾನೇ?

ಗ್ರಂಥಪಾಲಕಿ
ನನ್ನ ಪ್ರಕಾರ ಬೇಡ. 1897 ಮತ್ತು 1902 ಅಕ್ಕಪಕ್ಕ ಇವೆ, ಇದನ್ನು ಯಾರೂ ಅಲ್ಲಗಳೆಯಲ್ಲ.

ಓಮ್_ಮೀಟರ್
ಇಲ್ಲಿ ನಾನು ಒಪ್ಪಲ್ಲ ಮೇಡಂ. “ಆರಂಭದ ಕೇಂದ್ರಗಳಲ್ಲಿ ಒಂದು” ಅನ್ನೋಕೂ ಉಳಿದವು ಯಾವುವು ಅಂತ ಗೊತ್ತಿರಬೇಕು. ಎಂಜಿನಿಯರಿಂಗ್ ಇತಿಹಾಸದ ಪೇಪರ್ ಆದ್ರೆ ಒಂದು ಆಕರ ಕೇಳ್ತಾರೆ.

ಗ್ರಂಥಪಾಲಕಿ
ಎಂಜಿನಿಯರಿಂಗ್ ಇತಿಹಾಸದ ಪೇಪರ್‌ಗೆ ನಿಮ್ಮ ಮಾತು ಸರಿ. ಇದು ಬಿಎ ಮೊದಲ ವರ್ಷದ ಮೂರು ಪುಟದ ಬರಹ. ಎಲ್ಲರಿಗೂ ಗೊತ್ತು ಅನ್ನುವಾಗ “ಎಲ್ಲರೂ” ಅಂದ್ರೆ ಆ ಬರಹ ಓದುವವರು. ವಿಭಾಗ ಬದಲಾದ್ರೆ ಗೆರೆಯೂ ಬದಲಾಗುತ್ತೆ.

ಸಂಜೆ_ಬಸ್ಸು
ಇಷ್ಟೆಲ್ಲ ಯಾಕೆ? ಡೌಟ್ ಬಂದ್ರೆ ಎಲ್ಲದಕ್ಕೂ ಹಾಕಿಬಿಡೋದು. ಜಾಸ್ತಿ ಹಾಕಿದ್ರೆ ಯಾರೂ ಬೈಯಲ್ಲ.

ಕಡಲ_ತಡಿ
ನಿಜವಾಗಿ ಡೌಟ್ ಇದ್ದರೆ ಹಾಕಿ, ಅದು ಸರಿ. ಆದರೆ ಕಾವೇರಿ ಕೊಡಗಿನಲ್ಲಿ ಹುಟ್ಟುತ್ತದೆ ಎನ್ನುವುದಕ್ಕೂ ಅಡಿಟಿಪ್ಪಣಿ ಇದ್ದರೆ, ಯಾವುದು ನಿಜವಾಗಿ ಆಧಾರ ಬೇಕಿರುವ ಮಾತು ಎಂಬುದು ಆ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಬರೆದವರಿಗೆ ವಿಷಯ ಎಷ್ಟು ಗೊತ್ತಿದೆ ಎಂದು ಓದುವವರು ಅಳೆಯುವುದು ಅಲ್ಲಿಯೇ.

ಮೊದಲ_ಸೆಮ್_ಬಿಎ
ತಿದ್ದಿ ಬರೆದಿದ್ದೀನಿ, ನೋಡಿ:

“ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟುತ್ತದೆ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು. ಭಾರತದ ಆರಂಭದ ಜಲವಿದ್ಯುತ್ ಕೇಂದ್ರಗಳಲ್ಲಿ ಇದೂ ಒಂದು. ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಗುತ್ತಿತ್ತು. ತಂತಿಯ ಉದ್ದ 92 ಮೈಲಿ.[ಆಕರ, ಪುಟ] ಗಣಿಗಳ ಇಂಧನದ ಖರ್ಚು ತಗ್ಗಿಸುವುದು ಯೋಜನೆಯ ಉದ್ದೇಶಗಳಲ್ಲಿ ಒಂದಾಗಿತ್ತು.[ಆಕರ, ಪುಟ] 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬೀದಿದೀಪ ಬಂತು.”

ಆಕರ ಇರೋ ಜಾಗ ಖಾಲಿ ಬಿಟ್ಟಿದ್ದೀನಿ, ಪುಸ್ತಕ ನೋಡಿ ತುಂಬುತ್ತೀನಿ. 7ನೇ ವಾಕ್ಯ ತೆಗೆದೆ.

ಧಾರವಾಡ_ಪೇಡೆ
ಚಲೋ ಆತು. ಒಂದು ಮಾತ್ರ: “ಮುಖ್ಯ ಉದ್ದೇಶ” ಹೋಗಿ “ಉದ್ದೇಶಗಳಲ್ಲಿ ಒಂದು” ಆಗ್ಯದ. ನಿಮ್ಮ ಪುಸ್ತಕ “ಮುಖ್ಯ” ಅಂತಲೇ ಹೇಳಿದ್ರ ಹಂಗ ಬರೀರಿ, ಯಾರ ಮಾತು ಅಂತ ಹೆಸರು ಹಾಕಿ. ಆಕರ ಹೇಳಿದ್ದಕ್ಕಿಂತ ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ.

ಓಮ್_ಮೀಟರ್
“ತಂತಿಯ ಉದ್ದ” ಅಂತ ಬರೆದಿದ್ದೀರಿ. ಪುಸ್ತಕದಲ್ಲಿ ಲೈನಿನ ಉದ್ದ ಅಂತಿದೆಯಾ, ಬರೀ ದೂರ ಅಂತಿದೆಯಾ ನೋಡಿ. ಅಲ್ಲಿ ಮೈಲಿ ಇದ್ರೆ ಮೈಲಿಯಲ್ಲೇ ಬಿಡಿ. ಕಿ.ಮೀ.ಗೆ ಬದಲಿಸಿದ್ರೆ “ಸುಮಾರು” ಸೇರಿಸಿ. ಮತ್ತೆ ಮೂರನೇ ವಾಕ್ಯಕ್ಕೆ ಆಕರ ಬೇಕು ಅನ್ನೋ ಮಾತಿಗೆ ನಾನಿನ್ನೂ ಅಂಟಿಕೊಂಡೇ ಇದ್ದೀನಿ.

ಗ್ರಂಥಪಾಲಕಿ
ಅದೊಂದನ್ನು ಮೇಡಂ ಹತ್ತಿರ ಕೇಳಿ ಬನ್ನಿ, ಏನಂದ್ರು ಅಂತ ಇಲ್ಲಿ ಹಾಕಿ.